ಎರಡನೇ ಸಲ ಕೊಟ್ಟವರೆಷ್ಟು ಜನ?

ಮಾರ್ಚ್ ಬಂತೆಂದರೆ ದತ್ತಿ ಸಂಸ್ಥೆಗಳ ಕಚೇರಿಯಲ್ಲಿ ರಸೀದಿ ಬರೆಯುವವರಿಗೆ ಪುರುಸೊತ್ತಿರುವುದಿಲ್ಲ. ಆರ್ಥಿಕ ವರ್ಷ ಮುಗಿಯುವ ಮೊದಲು 80ಜಿ ರಸೀದಿ ಕೈಗೆ ಬರಲಿ ಎನ್ನುವವರು ಒಂದು ಕಡೆ, ವರ್ಷದ ಗುರಿ ಮುಟ್ಟಲೇಬೇಕೆಂದು ಫೋನ್ ಹಚ್ಚುವ ಸಿಬ್ಬಂದಿ ಇನ್ನೊಂದು ಕಡೆ. ಏಪ್ರಿಲ್‌ನಲ್ಲಿ ಟ್ರಸ್ಟಿಗಳ ಸಭೆ ಸೇರುತ್ತದೆ. ಮೇಜಿನ ಮೇಲೆ ಒಂದು ಹಾಳೆಯ ವರದಿ ಬರುತ್ತದೆ: ಅಭಿಯಾನಕ್ಕೆ ಇಷ್ಟು ಖರ್ಚಾಯಿತು, ಇಷ್ಟು ಜನ ಕೊಟ್ಟರು, ಇಷ್ಟು ಹಣ ಬಂತು. ಅದನ್ನು ನೋಡಿ ಮುಂದಿನ ವರ್ಷದ ಹಣ ಎಲ್ಲಿಗೆ ಎಂದು ಅಲ್ಲೇ ತೀರ್ಮಾನವಾಗುತ್ತದೆ.

ಆ ತೀರ್ಮಾನ ಅನೇಕ ಸಲ ತಪ್ಪಾಗುತ್ತದೆ. ಕೂಡಿ ಕಳೆಯುವುದರಲ್ಲಿ ಯಾರೂ ಎಡವಿರುವುದಿಲ್ಲ. ವರದಿ ಬೇಗ ಬರೆದದ್ದಾಗಿರುತ್ತದೆ, ಮತ್ತು ಬೇರೆ ಬೇರೆ ದಾರಿಯಿಂದ ಬಂದ ದಾನಿಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿದ್ದಾಗಿರುತ್ತದೆ. ದೇಣಿಗೆ ಅಭಿಯಾನವನ್ನು ಅಳೆಯಲು ಮೂರು ಅಂಕಿಗಳು ಬೇಕು. ಒಬ್ಬ ಹೊಸ ದಾನಿಯನ್ನು ಪಡೆಯಲು ತಗುಲಿದ ಖರ್ಚು ಎಷ್ಟು, ಅವರಲ್ಲಿ ಮತ್ತೆ ಕೊಟ್ಟವರು ನೂರಕ್ಕೆ ಎಷ್ಟು, ಮೊದಲ ವರ್ಷದಲ್ಲಿ ಒಬ್ಬ ದಾನಿಯಿಂದ ಒಟ್ಟು ಬಂದದ್ದೆಷ್ಟು. ಮೊದಲನೆಯದು ಏಪ್ರಿಲ್‌ನಲ್ಲೇ ಸಿಗುತ್ತದೆ. ಉಳಿದೆರಡಕ್ಕೆ ಇನ್ನೊಂದು ವರ್ಷ ಕಾಯಬೇಕು. ಹೀಗಾಗಿ ಮೊದಲನೆಯದನ್ನೇ ಹಿಡಿದುಕೊಂಡು ತೀರ್ಪು ಕೊಟ್ಟುಬಿಡುವುದು ರೂಢಿಯಾಗಿದೆ.

ಇದು ಹೇಗೆ ದಾರಿ ತಪ್ಪಿಸುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಿಲ್ಲಾ ಕೇಂದ್ರವೊಂದರ ಕಣ್ಣಿನ ಆಸ್ಪತ್ರೆಯ ಟ್ರಸ್ಟು ಬಡವರಿಗೆ ಉಚಿತ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಲು ಜನವರಿಯಿಂದ ಮಾರ್ಚ್‌ವರೆಗೆ ಅಭಿಯಾನ ನಡೆಸುತ್ತದೆ ಎನ್ನಿ. ಟ್ರಸ್ಟು ಕಲ್ಪಿತ, ಅಂಕಿಗಳು ನಾನು ಇಟ್ಟವು. ಆದರೆ ಈ ಬಗೆಯ ಅಭಿಯಾನಗಳಲ್ಲಿ ಅಂಕಿಗಳು ಹೇಗೆ ಓಡುತ್ತವೋ ಹಾಗೆಯೇ ಇಟ್ಟಿದ್ದೇನೆ.

ಟ್ರಸ್ಟು ಹಿಡಿದದ್ದು ಮೂರು ದಾರಿ. ಒಂದು, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು. ಎರಡು, ಮಾಲ್‌ಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಬಾಗಿಲಲ್ಲಿ ಸಮವಸ್ತ್ರದ ಯುವಕ ಯುವತಿಯರು ನಿಂತು ಜನರನ್ನು ಮಾತನಾಡಿಸಿ, ತಿಂಗಳಿಗೆ ₹500 ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬ್ಯಾಂಕ್ ಮ್ಯಾಂಡೇಟ್‌ಗೆ ಸಹಿ ಹಾಕಿಸುವುದು. ಇದು 1990ರ ದಶಕದ ಮಧ್ಯದಲ್ಲಿ ಗ್ರೀನ್‌ಪೀಸ್‌ಗಾಗಿ ಆಸ್ಟ್ರಿಯಾದಲ್ಲಿ ಶುರುವಾಗಿ ಜಗತ್ತಿಗೆಲ್ಲ ಹರಡಿದ ವಿಧಾನ. ಬೆಂಗಳೂರಿನ ಮಾಲ್‌ಗೆ ಹೋದವರು ಇಂಥವರನ್ನು ನೋಡಿರುತ್ತೀರಿ. ಮೂರು, ಅದೇ ಆಸ್ಪತ್ರೆಯಲ್ಲಿ ಹಿಂದೆ ಹಣ ಕಟ್ಟಿ ಚಿಕಿತ್ಸೆ ಪಡೆದವರ ಮನೆಯವರಿಗೆ ಕಾಗದ ಬರೆದು, ವಾರದ ನಂತರ ಫೋನ್ ಮಾಡಿ ಕೇಳುವುದು.

ಜಾಹೀರಾತಿನ ದಾರಿಗೆ ₹3,00,000 ಖರ್ಚಾಗಿ 750 ಹೊಸ ದಾನಿಗಳು ಬಂದರು. ತಲಾ ₹400. ಮಾಲ್ ದಾರಿಯಲ್ಲಿ ಏಜೆನ್ಸಿಗೆ ಒಂದು ಅರ್ಜಿಗೆ ₹3,000ದಂತೆ 120 ಅರ್ಜಿಗೆ ₹3,60,000 ಹೋಯಿತು. ಹಳೆಯ ರೋಗಿಗಳ ದಾರಿಗೆ ಮುದ್ರಣ, ಅಂಚೆ, ಫೋನ್ ಮಾಡುವವರ ಸಂಬಳ ಸೇರಿ ₹90,000. ಕೊಟ್ಟವರು 90 ಜನ, ತಲಾ ₹1,000. ಈ ಸಾಲುಗಳನ್ನು ಓದಿದ ಯಾವ ಟ್ರಸ್ಟಿಯಾದರೂ ಹೇಳುವುದು ಒಂದೇ ಮಾತು: “₹400ಕ್ಕೆ ದಾನಿ ಸಿಗುವಾಗ ₹3,000 ಕೊಟ್ಟು ಮಾಲ್‌ನಲ್ಲಿ ಯಾಕ್ರೀ ನಿಲ್ಲಿಸ್ತೀರಿ?”

ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಆ ₹400 ಎಲ್ಲಿಂದ ಬಂತು ಎಂದು ನೋಡಬೇಕು. ಯಾಕೆಂದರೆ ಜಾಹೀರಾತು ನೋಡಿಕೊಳ್ಳುವ ಹುಡುಗ ಮೊದಲು ತಂದ ಅಂಕಿ ₹400 ಆಗಿರಲಿಲ್ಲ, ₹256 ಆಗಿತ್ತು. ಜಾಹೀರಾತು ಕಂಪನಿಯ ಪರದೆಯಲ್ಲಿ ₹2,10,000 ಖರ್ಚಾಗಿ 820 ದೇಣಿಗೆ ಬಂದಿವೆ ಎಂದಿತ್ತು. ಆತ ಭಾಗಿಸಿ ಬರೆದಿದ್ದ. ಸುಳ್ಳೇನೂ ಹೇಳಿರಲಿಲ್ಲ. ಆದರೆ ಪರದೆಗೆ ಗೊತ್ತಿರುವುದು ತನ್ನ ಮೂಲಕ ಹೋದ ಜಾಹೀರಾತಿನ ಹಣ ಮಾತ್ರ. ಆ ಹುಡುಗನ ಮೂರು ತಿಂಗಳ ಸಂಬಳ ₹90,000 ಅದಕ್ಕೆ ಗೊತ್ತಿಲ್ಲ. ಇನ್ನು 820ರಲ್ಲಿ 70 ಜನ ಹಿಂದಿನ ವರ್ಷಗಳಲ್ಲೂ ಕೊಟ್ಟವರು. ಈ ಸಲ ಕೊಡುವ ಮೊದಲು ಜಾಹೀರಾತು ಅವರ ಕಣ್ಣಿಗೆ ಬಿದ್ದಿತ್ತು, ಅಷ್ಟೇ. ಜಾಹೀರಾತು ಇಲ್ಲದಿದ್ದರೂ ಅವರಲ್ಲಿ ಅನೇಕರು ಕೊಡುತ್ತಿದ್ದರು.

ಹೊಸ ದಾನಿ ಯಾರು, ಹಳಬರು ಯಾರು ಎಂದು ತಿಳಿಯುವುದು ರಸೀದಿ ಪುಸ್ತಕದಿಂದ, ಪರದೆಯಿಂದಲ್ಲ. ಇದಕ್ಕೆ ನಮ್ಮಲ್ಲಿ ಒಂದು ಅನುಕೂಲವಿದೆ. 2021-22ರ ಆರ್ಥಿಕ ವರ್ಷದಿಂದ 80ಜಿ ನೋಂದಣಿಯಿರುವ ಸಂಸ್ಥೆಗಳು ದಾನಿಗಳ ವಿವರವನ್ನು ಗುರುತಿನ ಸಂಖ್ಯೆಯ ಸಮೇತ 10ಬಿಡಿ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕೆಂಬ ನಿಯಮ ಬಂತು. ಹಾಗಾಗಿ ಬಹಳ ದಾನಿಗಳ ಪ್ಯಾನ್ ಸಂಖ್ಯೆ ಕಚೇರಿಯಲ್ಲೇ ಇರುತ್ತದೆ. ಪ್ಯಾನ್ ಮತ್ತು ಫೋನ್ ಸಂಖ್ಯೆ ಎರಡನ್ನೂ ಹಿಂದಿನ ವರ್ಷಗಳ ಪಟ್ಟಿಯ ಜೊತೆ ಹೋಲಿಸಿದರೆ ಹಳಬರು ಬೇರೆಯಾಗುತ್ತಾರೆ. ಹೆಸರನ್ನು ಮಾತ್ರ ನಂಬಬಾರದು. ‘ಕೆ. ಎಸ್. ರಾವ್’, ‘ಕೆ.ಎಸ್.ರಾವ್’, ‘ರಾವ್ ಕೆ ಎಸ್’ ಎಂದು ಒಬ್ಬರೇ ಮೂವರಾಗಿರುತ್ತಾರೆ. ಗಂಡನ ಹೆಸರಲ್ಲಿ ಒಂದು, ಹೆಂಡತಿಯ ಫೋನಿನಿಂದ ಒಂದು ಬಂದಿರುತ್ತದೆ.

ಈಗ ಮಾಲ್ ದಾರಿಗೆ ಬರೋಣ. 120 ಅರ್ಜಿ ಎಂದರೆ 120 ದಾನಿಗಳಲ್ಲ. ಬ್ಯಾಂಕಿಗೆ ಹೋದಾಗ ಕೆಲವು ಅರ್ಜಿಗಳಲ್ಲಿ ಸಹಿ ಹೊಂದಲಿಲ್ಲ, ಕೆಲವದರಲ್ಲಿ ಖಾತೆ ಸಂಖ್ಯೆ ತಪ್ಪಾಗಿತ್ತು, ಇನ್ನು ಕೆಲವರು ಮನೆಗೆ ಹೋಗಿ ಯೋಚಿಸಿ ಬೇಡವೆಂದರು. ಮೊದಲ ಕಂತು ನಿಜವಾಗಿ ಬಂದದ್ದು 100 ಖಾತೆಗಳಿಂದ. ಏಜೆನ್ಸಿಯ ಬಿಲ್ಲು ಮಾತ್ರ 120ಕ್ಕೇ. ಹಾಗಾಗಿ ಒಬ್ಬ ದಾನಿಗೆ ತಗುಲಿದ ಖರ್ಚು ₹3,000 ಅಲ್ಲ, ₹3,600. ಅರ್ಜಿ ಲೆಕ್ಕದಲ್ಲಿ ಏಜೆನ್ಸಿಗೆ ಹಣ ಕೊಡುವ ಒಪ್ಪಂದದ ತೊಂದರೆ ಇದು. ಮಾಲ್‌ನಲ್ಲಿ ನಿಂತ ಹುಡುಗಿಗೆ ದಿನಕ್ಕೆ ಇಷ್ಟು ಸಹಿ ಎಂಬ ಗುರಿಯಿರುತ್ತದೆ. ಅವಳ ಆಯಾಸ ನೋಡಿ, ಮಾತಿಗೆ ಕಟ್ಟುಬಿದ್ದು ಸಹಿ ಹಾಕಿದವರು ಮರುದಿನ ಬ್ಯಾಂಕಿಗೆ ಫೋನ್ ಮಾಡುತ್ತಾರೆ. ಆದ್ದರಿಂದ ತಿಳಿದವರು ಒಪ್ಪಂದ ಬರೆಯುವಾಗಲೇ ಒಂದು ಷರತ್ತು ಹಾಕುತ್ತಾರೆ: ಮೊದಲ ಮೂರು ಕಂತು ಬರದ ಅರ್ಜಿಯ ಹಣವನ್ನು ಏಜೆನ್ಸಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ವಾಪಸು ಕೊಡಬೇಕು, ಇಲ್ಲವೇ ಬದಲಿ ದಾನಿಯನ್ನು ತರಬೇಕು.

ಇದಿಷ್ಟು ಮೊದಲ ಅಂಕಿಯ ಮಾತು. ಏಪ್ರಿಲ್‌ನ ಸಭೆಯಲ್ಲಿ ಜಮಾ-ಖರ್ಚು ಹೇಗಿತ್ತು ಎಂದರೆ, ಜಾಹೀರಾತಿನ 750 ದಾನಿಗಳು ಸರಾಸರಿ ₹600ರಂತೆ ₹4,50,000 ಕೊಟ್ಟಿದ್ದರು. ಹಳೆಯ ರೋಗಿಗಳ ಕಡೆಯ 90 ಜನರಿಂದ ₹2,25,000 ಬಂದಿತ್ತು. ಮಾಲ್‌ನ 100 ಜನರ ಮೊದಲ ಕಂತು ಮಾತ್ರ ಜಮೆಯಾಗಿತ್ತು, ₹50,000. ಒಟ್ಟು ₹7,25,000. ಖರ್ಚು ₹7,50,000. ಅಂದರೆ ಮೂರು ತಿಂಗಳು ಎಲ್ಲರೂ ದುಡಿದು ₹25,000 ನಷ್ಟ. ಇಂಥ ಸಭೆಯಲ್ಲಿ ಅಭಿಯಾನವನ್ನೇ ನಿಲ್ಲಿಸುವ ಮಾತು ಬಂದರೆ ಆಶ್ಚರ್ಯವಿಲ್ಲ. ನಿಲ್ಲಿಸದಿದ್ದರೂ ಮಾಲ್ ದಾರಿ ಮುಚ್ಚಿ, ಆ ಹಣವನ್ನೆಲ್ಲ ಫೇಸ್‌ಬುಕ್‌ಗೆ ಸುರಿಯುವುದಂತೂ ಖಚಿತ.

ಇನ್ನು ಎರಡನೆಯ ಅಂಕಿ, ಮತ್ತೆ ಕೊಟ್ಟವರ ಪ್ರಮಾಣ. ಕೇಳಲು ಸರಳ. ಮೊದಲ ಸಲ ಕೊಟ್ಟ ನೂರು ಜನರಲ್ಲಿ ಎರಡನೇ ಸಲ ಕೊಟ್ಟವರೆಷ್ಟು? ಆದರೆ ಎಷ್ಟು ದಿನದೊಳಗೆ ಎಂಬ ಪ್ರಶ್ನೆ ಬಂದೊಡನೆ ಲೆಕ್ಕ ಜಾರತೊಡಗುತ್ತದೆ. ಹೊರಗಿನಿಂದ ತಂದ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ 365 ದಿನ ಎಂದಿರುತ್ತದೆ. ನಮ್ಮ ಜನ ಕೊಡುವ ರೀತಿಗೆ ಅದು ಹೊಂದುವುದಿಲ್ಲ.

ತಂದೆಯ ಹೆಸರಿನಲ್ಲಿ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಒಬ್ಬರ ಶಸ್ತ್ರಚಿಕಿತ್ಸೆಯ ಖರ್ಚು ಕೊಡುವ ಮಗನನ್ನು ನೆನೆಯಿರಿ. 2022ರಲ್ಲಿ ಮಹಾಲಯ ಅಮಾವಾಸ್ಯೆ ಬಿದ್ದದ್ದು ಸೆಪ್ಟೆಂಬರ್ 25ಕ್ಕೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ಅದು ಅಕ್ಟೋಬರ್ 14ಕ್ಕೆ ಹೋಯಿತು. ನಡುವೆ 384 ದಿನ. ಆತ ಒಂದು ವರ್ಷವೂ ತಪ್ಪಿಸಿಲ್ಲ. ಆದರೂ 365 ದಿನದ ಲೆಕ್ಕದಲ್ಲಿ ಆತ ‘ಬಿಟ್ಟುಹೋದ ದಾನಿ’. ಪುಣ್ಯತಿಥಿಗೆ, ಹಬ್ಬಕ್ಕೆ, ಮಗುವಿನ ಜನ್ಮನಕ್ಷತ್ರಕ್ಕೆ ಕೊಡುವವರೆಲ್ಲರ ಕಥೆ ಇದೇ. ಅಧಿಕ ಮಾಸ ಬಂದ ವರ್ಷ ಇಂಥ ನಿಷ್ಠೆಯ ದಾನಿಗಳೇ ಪಟ್ಟಿಯಿಂದ ಉದುರಿ ಹೋಗುತ್ತಾರೆ, ಮತ್ತೆ ಕೊಡುವವರ ಪ್ರಮಾಣ ಕುಸಿದಂತೆ ಕಾಣುತ್ತದೆ. ತೆರಿಗೆಗಾಗಿ ಕೊಡುವವರದೂ ಹೀಗೆಯೇ. ಈ ವರ್ಷ ಮಾರ್ಚ್ 3ಕ್ಕೆ ಕೊಟ್ಟವರು ಬರುವ ವರ್ಷ ಮಾರ್ಚ್ 28ಕ್ಕೆ ಕೊಟ್ಟರೆ 365 ದಿನ ದಾಟಿರುತ್ತದೆ.

ಆದ್ದರಿಂದ ನಮ್ಮ ಸಂಸ್ಥೆಗಳು 400 ದಿನದ ಅವಧಿ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ಅಧಿಕ ಮಾಸದ ವರ್ಷವೂ, ಮಾರ್ಚ್ ಮೊದಲನೇ ತಾರೀಖಿನಿಂದ ಮುಂದಿನ ಮಾರ್ಚ್ ಕೊನೆಯವರೆಗಿನ ಅಂತರವೂ ಅದರೊಳಗೆ ಬರುತ್ತವೆ. ಅವಧಿ ಯಾವುದೇ ಇರಲಿ, ಅದನ್ನು ವರದಿಯ ಮೇಲೆಯೇ ಬರೆಯಬೇಕು, ವರ್ಷದಿಂದ ವರ್ಷಕ್ಕೆ ಬದಲಿಸಬಾರದು.

ನಮ್ಮ ಉದಾಹರಣೆಯಲ್ಲಿ 400 ದಿನ ಕಳೆದ ಮೇಲೆ ಪಟ್ಟಿ ತೆಗೆದಾಗ, ಜಾಹೀರಾತಿನ 750 ಜನರಲ್ಲಿ ಮತ್ತೆ ಕೊಟ್ಟವರು 60. ನೂರಕ್ಕೆ 8. ಹಳೆಯ ರೋಗಿಗಳ ಕಡೆಯ 90ರಲ್ಲಿ 36, ನೂರಕ್ಕೆ 40. ಅಮೆರಿಕದಲ್ಲಿ 2006ರಿಂದ ಸಾವಿರಾರು ಸಂಸ್ಥೆಗಳ ಲೆಕ್ಕ ಒಟ್ಟುಗೂಡಿಸುತ್ತಿರುವ ಒಂದು ಯೋಜನೆಯ ಪ್ರಕಾರ ಅಲ್ಲಿ ಮೊದಲ ಸಲ ಕೊಟ್ಟವರಲ್ಲಿ ಮರುವರ್ಷ ಮತ್ತೆ ಕೊಡುವವರು ಸುಮಾರು ಐವರಲ್ಲಿ ಒಬ್ಬರು ಮಾತ್ರ. ಅಂಥ ಪಳಗಿದ ಸಂಸ್ಥೆಗಳಲ್ಲೇ ಹೊಸಬರಲ್ಲಿ ಹೆಚ್ಚಿನವರು ಎರಡನೇ ಸಲ ಬರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ತಿಂಗಳ ಕಂತಿನವರಿಗೆ ಈ ಅಂಕಿಯನ್ನು ಹಾಕುವಾಗ ಬಹಳ ಎಚ್ಚರ ಬೇಕು. 100 ಜನರಲ್ಲಿ 88 ಜನರ ಎರಡನೇ ಕಂತು ಬಂತು. ಹಾಗಾದರೆ ಮತ್ತೆ ಕೊಟ್ಟವರು ನೂರಕ್ಕೆ 88 ಎನ್ನಬಹುದೇ? ಎನ್ನುವವರಿದ್ದಾರೆ. ಆದರೆ ಆ ಕಂತಿಗಾಗಿ ದಾನಿ ಹೊಸದಾಗಿ ಮನಸ್ಸು ಮಾಡಿಲ್ಲ. ಖಾತೆಯಿಂದ ತಾನಾಗಿ ಹೋಗಿದೆ. ಹನ್ನೆರಡನೇ ತಿಂಗಳಲ್ಲೂ ಕಂತು ಬರುತ್ತಿದ್ದವರು 43. ಉಳಿದ ದಾರಿಗಳ ಜೊತೆ ಹೋಲಿಸಲು ಈ 43 ನ್ಯಾಯವಾದ ಅಂಕಿ. ಎರಡನ್ನೂ ಒಟ್ಟು ಲೆಕ್ಕದಲ್ಲಿ ಹಾಕಿ ನೋಡಿ: ಎರಡನೇ ಕಂತನ್ನೇ ಮರುದೇಣಿಗೆ ಎಂದರೆ 940 ದಾನಿಗಳಲ್ಲಿ 184 ಜನ, ನೂರಕ್ಕೆ ಸುಮಾರು 20. ವರ್ಷದ ಕೊನೆಗೆ ಉಳಿದವರನ್ನು ಎಣಿಸಿದರೆ 139 ಜನ, ನೂರಕ್ಕೆ 15ಕ್ಕೂ ಕಡಿಮೆ. ಅದೇ ಅಭಿಯಾನ, ಅದೇ ಜನ. ಪ್ರಗತಿ ತೋರಿಸಬೇಕೆಂಬ ಒತ್ತಡದಲ್ಲಿರುವ ವ್ಯವಸ್ಥಾಪಕರು ಯಾವುದನ್ನು ಆರಿಸುತ್ತಾರೆಂದು ಹೇಳಬೇಕಾಗಿಲ್ಲ. ಆದ್ದರಿಂದಲೇ ಕೇಳುವವರಿಗೆ ಇದು ಗೊತ್ತಿರಬೇಕು.

ಕಂತು ನಿಂತದ್ದೆಲ್ಲ ದಾನಿ ಬಿಟ್ಟುಹೋದದ್ದೂ ಅಲ್ಲ. ಖಾತೆಯಲ್ಲಿ ಆ ದಿನ ಹಣವಿರಲಿಲ್ಲ, ಕಾರ್ಡಿನ ಅವಧಿ ಮುಗಿಯಿತು, ಕೆಲಸ ಬದಲಾಗಿ ಸಂಬಳದ ಖಾತೆ ಬೇರೆ ಬ್ಯಾಂಕಿಗೆ ಹೋಯಿತು. 2021ರ ಅಕ್ಟೋಬರ್ 1ರಂದು ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದು, ಕಾರ್ಡಿನಿಂದ ತಾನಾಗಿ ಹೋಗುವ ಪ್ರತಿ ಕಂತಿಗೂ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಕಳಿಸಬೇಕು, ₹5,000 ಮೀರಿದರೆ ಪ್ರತಿ ಸಲ ಒಪ್ಪಿಗೆ ಪಡೆಯಬೇಕು ಎಂದಾಯಿತು. 2022ರ ಜೂನ್‌ನಲ್ಲಿ ಆ ಮಿತಿಯನ್ನು ₹15,000ಕ್ಕೆ ಏರಿಸಿದರು. ಗ್ರಾಹಕರ ಹಿತಕ್ಕೆ ಇದು ಒಳ್ಳೆಯ ನಿಯಮ. ಆದರೆ ಹಳೆಯ ಕಾರ್ಡ್ ಸೂಚನೆಗಳನ್ನು ಹೊಸದಾಗಿ ನೋಂದಾಯಿಸಬೇಕಾಗಿ ಬಂದು, ಕೊಡುವ ಮನಸ್ಸಿದ್ದವರ ದೇಣಿಗೆಗಳೂ ಆಗ ನಿಂತವು. ಆ ವರ್ಷದ ಅಂಕಿಯನ್ನು ನೋಡಿ ಜನ ಬೇಸತ್ತರು ಎಂದು ತಿಳಿದರೆ ತಪ್ಪಾಗುತ್ತದೆ. ಬ್ಯಾಂಕಿನಿಂದ ವಾಪಸು ಬರುವ ಪಟ್ಟಿಯಲ್ಲಿ ಪ್ರತಿ ಕಂತು ಯಾಕೆ ನಿಂತಿತು ಎಂಬ ಕಾರಣ ಇರುತ್ತದೆ. ಹಣ ಸಾಲದೆ ನಿಂತವನ್ನೂ ದಾನಿಯೇ ರದ್ದು ಮಾಡಿದವನ್ನೂ ಬೇರೆ ಮಾಡಿದರೆ ಸಾಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಕಡಿತದ ದಿನವನ್ನು ತಿಂಗಳ ಕೊನೆಯಿಂದ ಸಂಬಳ ಬರುವ ಮೊದಲ ವಾರಕ್ಕೆ ತಂದರೆ ಹಣ ಸಾಲದೆ ನಿಲ್ಲುವುದು ಕಡಿಮೆಯಾಗುತ್ತದೆ.

ಮೂರನೆಯದು ಮೊದಲ ವರ್ಷದಲ್ಲಿ ಒಬ್ಬ ದಾನಿಯಿಂದ ಬಂದದ್ದು. ಮೊದಲ ದೇಣಿಗೆಗೆ ಆ ವರ್ಷದೊಳಗೆ ಬಂದ ಮುಂದಿನ ದೇಣಿಗೆಗಳನ್ನು ಕೂಡಿಸಿ, ಮೊದಲಿಗೆ ಬಂದ ಎಲ್ಲ ದಾನಿಗಳಿಂದ ಭಾಗಿಸಬೇಕು. ‘ಎಲ್ಲ’ ಎಂಬುದು ಮುಖ್ಯ. ಉಳಿದುಕೊಂಡವರಿಂದ ಮಾತ್ರ ಭಾಗಿಸಿದರೆ ಅಂಕಿ ಉಬ್ಬುತ್ತದೆ. ಜಾಹೀರಾತಿನ ದಾರಿಯ 60 ಜನ ಎರಡನೇ ಸಲ ಕೊಟ್ಟದ್ದು ₹45,000. ಮೊದಲಿನ ₹4,50,000ಕ್ಕೆ ಕೂಡಿಸಿದರೆ ₹4,95,000, ತಲಾ ₹660. ಖರ್ಚು ₹400 ಕಳೆದರೆ ಒಬ್ಬ ದಾನಿಯಿಂದ ಆಸ್ಪತ್ರೆಗೆ ಉಳಿದದ್ದು ₹260.

ಮಾಲ್‌ನ 100 ಜನರಿಂದ ಮೊದಲ ತಿಂಗಳು 100 ಕಂತು, ಎರಡನೇ ತಿಂಗಳು 88, ಮೂರನೇ ತಿಂಗಳು 80, ಹೀಗೆ ಇಳಿಯುತ್ತಾ ಹನ್ನೆರಡನೇ ತಿಂಗಳು 43. ವರ್ಷಕ್ಕೆ ಒಟ್ಟು 770 ಕಂತು, ₹3,85,000. ತಲಾ ₹3,850. ಖರ್ಚು ₹3,600 ಕಳೆದರೆ ಉಳಿದದ್ದು ₹250. ಹಾಕಿದ ಹಣ ವಾಪಸು ಬಂದದ್ದೇ ಹನ್ನೊಂದನೇ ತಿಂಗಳಿಗೆ. ಅತ್ಯಂತ ಅಗ್ಗವಾಗಿ ಕಂಡ ದಾರಿ, ಅತ್ಯಂತ ದುಬಾರಿಯಾಗಿ ಕಂಡ ದಾರಿ, ಎರಡೂ ಒಬ್ಬ ದಾನಿಯ ಲೆಕ್ಕದಲ್ಲಿ ಹತ್ತೇ ರೂಪಾಯಿ ಅಂತರದಲ್ಲಿ ಬಂದು ನಿಂತವು.

ಹಳೆಯ ರೋಗಿಗಳ ದಾರಿಯಲ್ಲಿ 36 ಜನ ಎರಡನೇ ಸಲ ಕೊಟ್ಟದ್ದು ₹90,000. ಒಟ್ಟು ₹3,15,000, ತಲಾ ₹3,500. ಖರ್ಚು ಕಳೆದು ಉಳಿದದ್ದು ₹2,500. ಉಳಿದೆರಡು ದಾರಿಗಳ ಹತ್ತು ಪಟ್ಟು.

ಇಷ್ಟು ಚೆನ್ನಾಗಿ ಕಾಣುವ ಅಂಕಿಯನ್ನು ಒಂದು ಸಲ ಅನುಮಾನದಿಂದ ನೋಡಬೇಕು. ರಸೀದಿಗಳನ್ನು ತಿರುವಿದಾಗ ಆ 90 ಜನರಲ್ಲಿ ಒಬ್ಬರೇ ₹50,000 ಕೊಟ್ಟಿದ್ದರು. ತಾಯಿಗೆ ಎರಡೂ ಕಣ್ಣಿನ ದೃಷ್ಟಿ ಬಂದ ಸಂತೋಷಕ್ಕೆ ಕೊಟ್ಟದ್ದು. ಅಂಥವರು ಪ್ರತಿ ವರ್ಷ ಸಿಗುವುದಿಲ್ಲ. ಅವರನ್ನು ಬದಿಗಿಟ್ಟು ಉಳಿದ 89 ಜನರ ಲೆಕ್ಕ ಹಾಕಿದರೆ ಮೊದಲ ವರ್ಷದ ತಲಾ ಮೊತ್ತ ₹3,500ರಿಂದ ಸುಮಾರು ₹2,980ಕ್ಕೆ ಇಳಿಯುತ್ತದೆ, ಖರ್ಚು ಕಳೆದು ಉಳಿಯುವುದು ₹2,000ಕ್ಕೆ ಸ್ವಲ್ಪ ಕಡಿಮೆ. ಆಗಲೂ ಈ ದಾರಿಯೇ ಮುಂದು. ಹಾಗಾಗಿ ತೀರ್ಮಾನ ಬದಲಾಗಲಿಲ್ಲ. ಆದರೆ ದಾನಿಗಳ ಸಂಖ್ಯೆ ಚಿಕ್ಕದಿದ್ದಾಗ ಒಂದೇ ದೊಡ್ಡ ರಸೀದಿ ಇಡೀ ದಾರಿಯ ಚಿತ್ರ ಬದಲಿಸಬಲ್ಲದು. ಅದಿಲ್ಲದ ಲೆಕ್ಕವನ್ನೂ ಪಕ್ಕದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ಒಟ್ಟು ಅಭಿಯಾನವನ್ನು ನೋಡಿದರೆ, ಏಪ್ರಿಲ್‌ನಲ್ಲಿ ₹25,000 ನಷ್ಟವೆಂದು ಬರೆದ ಅದೇ ಅಭಿಯಾನ 400 ದಿನದ ಕೊನೆಗೆ ₹7,50,000 ಖರ್ಚಿಗೆ ₹11,95,000 ತಂದಿತ್ತು. ಆಸ್ಪತ್ರೆಗೆ ₹4,45,000 ಉಳಿಯಿತು.

ಇಲ್ಲಿ ದಾನಿಯ ಕಡೆಯಿಂದ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ₹11,95,000 ಸಂಗ್ರಹಿಸಲು ₹7,50,000 ಖರ್ಚು ಎಂದರೆ ರೂಪಾಯಿಗೆ 63 ಪೈಸೆ ಸಂಗ್ರಹಕ್ಕೇ ಹೋಯಿತಲ್ಲ? ಮಾಲ್‌ನಲ್ಲಿ ಸಹಿ ಹಾಕಿದವರ ಹೆಚ್ಚುಕಡಿಮೆ ಹನ್ನೊಂದು ತಿಂಗಳ ದೇಣಿಗೆ ಅವರನ್ನು ಹುಡುಕಿದ ಖರ್ಚಿಗೇ ಸಮವಾಯಿತಲ್ಲ? ಹೌದು, ಆಯಿತು. ಇದನ್ನು ಮುಚ್ಚಿಡಬಾರದು. ಆಡಳಿತದ ಖರ್ಚೊಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದು 2013ರಲ್ಲಿ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಸೇರಿ ದಾನಿಗಳಿಗೆ ಬಹಿರಂಗ ಪತ್ರ ಬರೆದಿದ್ದವು. ಸಂಸ್ಥೆಗಳನ್ನು ಅಳೆಯುವುದೇ ಕೆಲಸವಾಗಿದ್ದವರು ಆಡಿದ ಆ ಮಾತಿಗೆ ತೂಕವಿದೆ. ಹೊಸ ದಾನಿಯನ್ನು ಹುಡುಕುವ ಖರ್ಚು ಮೊದಲ ವರ್ಷವೇ ಬೀಳುತ್ತದೆ. ಅದೇ ದಾನಿ ಎರಡನೇ ವರ್ಷ ಕೊಡುವಾಗ ಒಂದು ಕಾಗದ, ಒಂದು ಫೋನ್ ಕರೆಯ ಖರ್ಚು. ಮಾಲ್‌ನ ದಾರಿಯಲ್ಲಿ ಉಳಿದ 43 ಜನ ಎರಡನೇ ವರ್ಷ ಇನ್ನೂ ಒಂದಿಷ್ಟು ಕಡಿಮೆಯಾಗಿ 400 ಕಂತು ಕೊಟ್ಟರೂ ₹2,00,000, ಹೆಚ್ಚುಕಡಿಮೆ ಖರ್ಚಿಲ್ಲದೆ. ಮೊದಲ ವರ್ಷದ ಮೊತ್ತ ಎಂಬ ಅಂಕಿಗೆ ಇರುವ ಮಿತಿಯೇ ಇದು. ತಿಂಗಳ ಕಂತಿನವರ ಬೆಲೆಯನ್ನು ಅದು ಪೂರ್ತಿ ಹೇಳುವುದಿಲ್ಲ.

ಆದರೆ ಈ ಸಮಾಧಾನ ಹೇಳುವ ಹಕ್ಕು ಎರಡನೇ ವರ್ಷ ದಾನಿ ನಿಜವಾಗಿ ಉಳಿದ ಸಂಸ್ಥೆಗೆ ಮಾತ್ರ ಇದೆ. ಪ್ರತಿ ವರ್ಷ ಹೊಸಬರನ್ನು ಹಿಡಿದು, ಪ್ರತಿ ವರ್ಷ ಅವರನ್ನು ಕಳೆದುಕೊಳ್ಳುವ ಸಂಸ್ಥೆ ಎಂದೆಂದಿಗೂ ಮೊದಲ ವರ್ಷದಲ್ಲೇ ಇರುತ್ತದೆ. ಅಲ್ಲಿ ರೂಪಾಯಿಗೆ 63 ಪೈಸೆಯೇ ಕಾಯಂ.

ಹಾಗಾದರೆ ಜಾಹೀರಾತಿನಿಂದ ಬಂದು ಮತ್ತೆ ಕೊಡದ ಆ 690 ಜನ ಯಾಕೆ ಬರಲಿಲ್ಲ? ಈ ಪ್ರಶ್ನೆಗೆ ಉತ್ತರ ಬಹುಪಾಲು ಕಚೇರಿಯಲ್ಲೇ ಇರುತ್ತದೆ. ಮುಖ ನೋಡಿ ಮರುಗಿ ₹600 ಕಳಿಸಿದವರಿಗೆ ಒಂದು ಯಾಂತ್ರಿಕ ಮೆಸೇಜು ಬಂತು. ಆಮೇಲೆ 11 ತಿಂಗಳು ಯಾವ ಸುದ್ದಿಯೂ ಇಲ್ಲ. ಮತ್ತೆ ಜನವರಿಯಲ್ಲಿ ಇನ್ನೊಂದು ಮುಖ, ಇನ್ನೊಂದು ಮನವಿ. ಹಳೆಯ ರೋಗಿಗಳ ಮನೆಯವರಿಗೆ ಆಸ್ಪತ್ರೆ ಗೊತ್ತು, ಫೋನ್ ಮಾಡಿದ ದನಿ ಗೊತ್ತು. ಅವರು ಮತ್ತೆ ಕೊಡುವುದು ಸಹಜ. ಜಾಹೀರಾತಿನವರಿಗೆ ಆ ಪರಿಚಯ ಯಾರೂ ಮಾಡಿಸಲಿಲ್ಲ.

ಪರಿಚಯ ಮಾಡಿಸಲು ಎಷ್ಟು ಬೇಕು ಎಂಬುದನ್ನೂ ಲೆಕ್ಕ ಹಾಕಬಹುದು. ಮೂರನೇ ತಿಂಗಳಲ್ಲಿ ಒಬ್ಬರು ಫೋನ್ ಮಾಡಿ, ಏನನ್ನೂ ಕೇಳದೆ, “ನೀವು ಕೊಟ್ಟ ಹಣ ಸೇರಿದ ಶಿಬಿರದಲ್ಲಿ ಇಷ್ಟು ಜನರಿಗೆ ಆಪರೇಷನ್ ಆಯ್ತು ಸಾರ್, ತಿಳಿಸೋಣ ಅಂತ ಮಾಡಿದೆ” ಎಂದು ಹೇಳುವುದಕ್ಕೆ ಸಂಬಳವೂ ಸೇರಿ ಕರೆಗೆ ₹40 ಎನ್ನಿ. 750 ಜನರಿಗೆ ₹30,000. ಎರಡನೇ ಸಲ ಕೊಡುವವರು ಸರಾಸರಿ ₹750 ಕೊಡುತ್ತಾರಾದ್ದರಿಂದ, 40 ಜನ ಹೆಚ್ಚಾಗಿ ಮತ್ತೆ ಕೊಟ್ಟರೆ ಕರೆಯ ಖರ್ಚು ಹುಟ್ಟುತ್ತದೆ. ಅಂದರೆ ನೂರಕ್ಕೆ 8 ಇದ್ದದ್ದು 13 ದಾಟಬೇಕು. ಇದನ್ನು ನಂಬಿಕೆಯ ಮೇಲೆ ಮಾಡಬೇಕಾಗಿಲ್ಲ. ಅರ್ಧ ಜನಕ್ಕೆ ಕರೆ ಮಾಡಿ, ಅರ್ಧ ಜನಕ್ಕೆ ಮಾಡದೆ, ಹೆಸರುಗಳನ್ನು ಚೀಟಿ ಎತ್ತಿದಂತೆ ಹಂಚಿ, ವರ್ಷದ ಕೊನೆಗೆ ಎರಡೂ ಗುಂಪಿನ ಅಂಕಿ ನೋಡಿದರೆ ಗೊತ್ತಾಗುತ್ತದೆ. ಯಾರಿಗೆ ಕರೆ ಮಾಡಬೇಕೆಂದು ಸಿಬ್ಬಂದಿಯೇ ಆರಿಸಿದರೆ, ದೊಡ್ಡ ಮೊತ್ತ ಕೊಟ್ಟವರನ್ನೇ ಆರಿಸುತ್ತಾರೆ. ಆಗ ಕೆಲಸ ಮಾಡಿದ್ದು ಕರೆಯೋ ದಾನಿಯ ಅನುಕೂಲವೋ ತಿಳಿಯುವುದಿಲ್ಲ.

ಪೂರ್ತಿ ವರದಿಗೆ 13 ತಿಂಗಳು ಕಾಯಬೇಕಾದ್ದು ನಿಜ. ಮಾರ್ಚ್ 31ಕ್ಕೆ ಬಂದ ಕೊನೆಯ ದಾನಿಯ 400 ದಿನ ಮುಗಿಯುವುದು ಮರುವರ್ಷದ ಮೇ ಮೊದಲ ವಾರಕ್ಕೆ. ಅಷ್ಟರಲ್ಲಿ ಇನ್ನೊಂದು ಅಭಿಯಾನವೇ ಮುಗಿದಿರುತ್ತದೆ. ಹಾಗಾಗಿ ಏಪ್ರಿಲ್‌ನ ವರದಿ ಬೇಡವೆಂದಲ್ಲ. ಅದಕ್ಕೆ ‘ಮಧ್ಯಂತರ’ ಎಂದು ಹೆಸರಿಟ್ಟು, ಮೊದಲ ಸುಳಿವುಗಳನ್ನು ಮಾತ್ರ ಕೊಡಬೇಕು: ಮ್ಯಾಂಡೇಟ್‌ನವರ ಎರಡನೇ ಮತ್ತು ಮೂರನೇ ಕಂತು ಎಷ್ಟು ಬಂತು, ಒಂದೇ ಸಲ ಕೊಟ್ಟವರಲ್ಲಿ 90 ದಿನದೊಳಗೆ ಮತ್ತೆ ಕೊಟ್ಟವರೆಷ್ಟು. ಈ ಸುಳಿವುಗಳನ್ನು ಹಿಂದಿನ ವರ್ಷದ ಅದೇ ಹೊತ್ತಿನ ಸುಳಿವಿನ ಜೊತೆ ಹೋಲಿಸಬಹುದು. ಪೂರ್ತಿಯಾದ ಹಳೆಯ ವರ್ಷದ ಜೊತೆ ಮಾತ್ರ ಹೋಲಿಸಬಾರದು. ಈ ವರ್ಷದ ದಾನಿಗಳಿಗೆ ಮತ್ತೆ ಕೊಡಲು ಇನ್ನೂ ಸಮಯವೇ ಸಿಕ್ಕಿರುವುದಿಲ್ಲ, ಹೊಸ ವರ್ಷ ಯಾವಾಗಲೂ ಕೆಟ್ಟದಾಗಿಯೇ ಕಾಣುತ್ತದೆ.

ನಮ್ಮ ಆಸ್ಪತ್ರೆಯ ಟ್ರಸ್ಟಿಗಳು ಮೇ ತಿಂಗಳ ವರದಿ ಮುಂದಿಟ್ಟುಕೊಂಡು ಏನು ಮಾಡಬೇಕು? ಹಳೆಯ ರೋಗಿಗಳ ಪಟ್ಟಿ ಮುಗಿಯುವವರೆಗೂ ಅದಕ್ಕೆ ಮೊದಲ ಆದ್ಯತೆ. ಆದರೆ ಆ ಪಟ್ಟಿ ಚಿಕ್ಕದು, ಅದಕ್ಕೆ ಎರಡು ಪಟ್ಟು ಹಣ ಹಾಕಿದರೆ ಎರಡು ಪಟ್ಟು ದಾನಿಗಳು ಸಿಗುವುದಿಲ್ಲ. ಜಾಹೀರಾತನ್ನು ಇಷ್ಟರಲ್ಲೇ ಇಟ್ಟು, ಉಳಿಸಿದ ಹಣದಲ್ಲಿ ಮೂರನೇ ತಿಂಗಳ ಕರೆಯ ಪರೀಕ್ಷೆ ಮಾಡಬೇಕು. ಮಾಲ್ ದಾರಿಯನ್ನು, ಮೂರು ಕಂತಿನ ಷರತ್ತಿಗೆ ಏಜೆನ್ಸಿ ಒಪ್ಪಿದರೆ ಮತ್ತು ಹನ್ನೊಂದು ತಿಂಗಳು ಹಣ ವಾಪಸು ಬರದಿದ್ದರೂ ಆಪರೇಷನ್‌ಗಳು ನಿಲ್ಲದಷ್ಟು ಬೇರೆ ನಿಧಿ ಇದ್ದರೆ ಮಾತ್ರ ಮುಂದುವರಿಸಬೇಕು. ಆ ನಿಧಿ ಇಲ್ಲದಿದ್ದರೆ ಬಿಡುವುದೇ ಸರಿ. ರೋಗಿಗೆಂದು ಬಂದ ಹಣವನ್ನು ದಾನಿ ಹುಡುಕುವುದಕ್ಕೆ ತೊಡಗಿಸಿ ಕಾಯುವ ಅಧಿಕಾರ ಸಣ್ಣ ಟ್ರಸ್ಟಿಗೆ ಇಲ್ಲ.

ನೀವು ಯಾವುದಾದರೂ ಶಾಲೆಯ, ಗೋಶಾಲೆಯ, ಆಸ್ಪತ್ರೆಯ, ಅನಾಥಾಲಯದ ಸಮಿತಿಯಲ್ಲಿದ್ದರೆ, ಮುಂದಿನ ಸಭೆಯಲ್ಲಿ ಹೋದ ವರ್ಷದ ಹೊಸ ದಾನಿಗಳ ಪಟ್ಟಿಯನ್ನು ಅವರು ಬಂದ ದಾರಿಯ ಪ್ರಕಾರ ಬೇರೆ ಬೇರೆ ಹಾಳೆಯಲ್ಲಿ ತರಿಸಿ. ಪ್ರತಿ ಹಾಳೆಯಲ್ಲೂ ಎರಡನೇ ಸಲ ಕೊಟ್ಟವರ ಹೆಸರಿನ ಮುಂದೆ ಗುರುತು ಹಾಕಲು ಹೇಳಿ. ಬರೀ ದಾನಿಯಾಗಿದ್ದರೂ ಕೇಳಿ, ಕೇಳುವ ಹಕ್ಕು ನಿಮಗಿದೆ: ಕಳೆದ ವರ್ಷ ಮೊದಲ ಸಲ ಕೊಟ್ಟವರಲ್ಲಿ ಎಷ್ಟು ಜನ ಮತ್ತೆ ಕೊಟ್ಟರು ಎಂದು.